ಕ್ಲಿನಿಕ್‌ನಲ್ಲಿ ಕಾಯುವವರಿಗೆ ಶಬ್ದವಿಲ್ಲದ ಕೈ ತೊಳೆಯುವ ವಿಡಿಯೋ: ಬರೀ ಚಿತ್ರ, ಅಕ್ಷರದಲ್ಲಿ ಅರ್ಥ ಆಗೋ ಹಾಗೆ ಮಾಡೋದು ಹೇಗೆ?

ಮೇಘಾ ತಿಪಟೂರು
ನಾನು ಒಂದು ಸಣ್ಣ ಕ್ಲಿನಿಕ್‌ನಲ್ಲಿ ರಿಸೆಪ್ಷನ್ ಮತ್ತು ಲೆಕ್ಕ ನೋಡಿಕೊಳ್ಳುತ್ತೇನೆ. ರೋಗಿಗಳು ಕಾಯುವ ಜಾಗದಲ್ಲಿ 43 ಇಂಚಿನ ಟಿವಿ ಇದೆ. ಡಾಕ್ಟರ ಕೋಣೆ ಪಕ್ಕದಲ್ಲೇ ಇರುವುದರಿಂದ ಶಬ್ದ ಹಾಕುವ ಹಾಗಿಲ್ಲ. ಕೈ ತೊಳೆಯುವ ಬಗ್ಗೆ ಒಂದು ವಿಡಿಯೋ ಮಾಡಿ, ಬೆಳಿಗ್ಗೆಯಿಂದ ಸಂಜೆವರೆಗೆ ಅದೇ ಮತ್ತೆ ಮತ್ತೆ ಓಡಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಕ್ಯಾಮೆರಾ ಅಂದರೆ ನನ್ನ ಫೋನೇ. ಒಂದೂವರೆ ನಿಮಿಷಕ್ಕೆ ಮುಗಿಸೋಣ ಅಂತಿದ್ದೇನೆ. ಮೊದಲು ಹೆಸರು, ಲೋಗೋ, ಆಮೇಲೆ ರೋಗಾಣು ಅಂದರೇನು, ಆಮೇಲೆ ಕೈ ತೊಳೆಯುವ ಹಂತಗಳು, ಕೊನೆಗೆ ಧನ್ಯವಾದ. ಈ ಕ್ರಮ ಸರಿ ಇದೆಯಾ? ಬರುವವರಲ್ಲಿ ವಯಸ್ಸಾದವರು ಜಾಸ್ತಿ, ಓದಲು ಬಾರದವರೂ ಇದ್ದಾರೆ.

ಕಿರಣ್ ಮಂಡ್ಯ
ಹಂತಗಳನ್ನು ಅಷ್ಟೊಂದು ತೋರಿಸುವ ಅಗತ್ಯ ಇಲ್ಲ. 20 ಸೆಕೆಂಡ್ ತೊಳೆದರೆ ಸಾಕು ಅಂತ ಕೊರೊನಾ ಕಾಲದಲ್ಲೇ ಎಲ್ಲರೂ ಕಲಿತಿದ್ದಾರೆ. ದೊಡ್ಡದಾಗಿ 20 ಅಂತ ಹಾಕಿ, ಕೆಳಗೆ ಎಣಿಕೆ ಇಳಿಯುತ್ತಾ ಹೋಗಲಿ. ಅದರ ಜೊತೆ ಬಿಸಿ ನೀರು ಅಂತಲೂ ಬರೆಯಿರಿ, ತಣ್ಣೀರಲ್ಲಿ ಕ್ರಿಮಿ ಸಾಯೋದಿಲ್ಲ.

ಶಾರದಾ (ನಿವೃತ್ತ ನರ್ಸ್)
ಕಿರಣ್, 20 ಸೆಕೆಂಡ್ ಅನ್ನೋದು ಸುಳ್ಳಲ್ಲ, ಆದರೆ ಅದು ಸೋಪು ಹಚ್ಚಿಕೊಂಡು ಉಜ್ಜುವ ಹೊತ್ತು ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 40ರಿಂದ 60 ಸೆಕೆಂಡ್ ಅನ್ನುವುದು ಕೈ ಒದ್ದೆ ಮಾಡುವುದರಿಂದ ಹಿಡಿದು ಒರೆಸಿಕೊಳ್ಳುವವರೆಗಿನ ಪೂರ್ತಿ ಕೆಲಸಕ್ಕೆ. ಜನ ಇವೆರಡನ್ನೂ ಕಲಸಿಬಿಡುತ್ತಾರೆ. ಬಿಸಿ ನೀರು ಬೇಕಾಗಿಲ್ಲ. ಕೈ ತಡೆಯುವಷ್ಟು ಬಿಸಿಗೆ ಕ್ರಿಮಿ ಸಾಯೋದಿಲ್ಲ. ಸೋಪು ಜಿಡ್ಡನ್ನು ಬಿಡಿಸುತ್ತದೆ, ನಾವು ಉಜ್ಜುತ್ತೇವೆ, ನೀರು ಅದನ್ನು ಕೊಚ್ಚಿಕೊಂಡು ಹೋಗುತ್ತದೆ, ಇಷ್ಟೇ. ಬಿಸಿ ನೀರು ಅಂತ ಬರೆದರೆ ಮನೆಯಲ್ಲಿ ನೀರು ಕಾಯಿಸಿಕೊಳ್ಳಲು ಆಗದವರು ಕೈ ತೊಳೆಯುವುದನ್ನೇ ಬಿಟ್ಟಾರು.

ಹಂತಗಳನ್ನು ಬಿಡಬೇಡಿ ಮೇಘಾ. ಬರೀ ಹೊತ್ತು ಹೇಳಿದರೆ ಜನ 20 ಸೆಕೆಂಡೂ ಅಂಗೈಗೆ ಅಂಗೈ ಉಜ್ಜಿ ಮುಗಿಸುತ್ತಾರೆ. ನಾನು ವಾರ್ಡಿನಲ್ಲಿ ಹೊಸ ಹುಡುಗಿಯರಿಗೆ ಕಲಿಸುವಾಗ ಪ್ರತಿ ಸಲವೂ ತಪ್ಪುತ್ತಿದ್ದದ್ದು ಅದೇ ಜಾಗಗಳು. ಹೆಬ್ಬೆರಳು, ಬೆರಳ ತುದಿ, ಬೆರಳ ಸಂದಿ. ಅದರಲ್ಲೂ ಬಲಗೈಯವರ ಬಲ ಹೆಬ್ಬೆರಳು, ಯಾಕಂದರೆ ಅದನ್ನು ಉಜ್ಜಬೇಕಾದದ್ದು ಎಡಗೈ. ನಾವು ಊಟ ಕಲಸುವುದು, ಮಗುವಿನ ಬಾಯಿಗೆ ತುತ್ತು ಇಡುವುದು ಅದೇ ಹೆಬ್ಬೆರಳು, ಅದೇ ಬೆರಳ ತುದಿಯಲ್ಲಿ. ನಿಮ್ಮ ವಿಡಿಯೋ ಇದೊಂದನ್ನು ಕಲಿಸಿದರೂ ಸಾಕು.

ಪ್ರಸನ್ನ ಹುಬ್ಬಳ್ಳಿ
ನಾನು ಮದುವೆ ವಿಡಿಯೋ ಮಾಡುವವನು, ಆಸ್ಪತ್ರೆಗಳಿಗೂ ಇಂಥವು ಕೆಲವು ಮಾಡಿದ್ದೇನೆ. ನಿಮ್ಮ ಕ್ರಮದಲ್ಲಿ ಮೊದಲನೇದು, ಕೊನೇದು ಎರಡೂ ತೆಗೆದುಬಿಡಿ ಮೇಡಂ. ಸುತ್ತು ಹೊಡೆಯುವ ವಿಡಿಯೋಗೆ ಆರಂಭ ಅನ್ನೋದೇ ಇರುವುದಿಲ್ಲ. ಒಬ್ಬರು ಬಂದು ಕೂರುವ ಹೊತ್ತಿಗೆ ಹೆಬ್ಬೆರಳ ಹಂತ ಓಡುತ್ತಿರಬಹುದು, ಇನ್ನೊಬ್ಬರು ಬಂದಾಗ ಒರೆಸುವುದು. ಎಲ್ಲಿಂದ ನೋಡಿದರೂ ಅರ್ಥ ಆಗಬೇಕು. ಅದಕ್ಕೆ ಒಂದು ಉಪಾಯ ಇದೆ: ಪರದೆಯ ಕೆಳಗೆ ಆರು ಸಣ್ಣ ಕೈ ಚಿತ್ರಗಳ ಸಾಲು ಇಡಿ, ಈಗ ಯಾವುದು ನಡೆಯುತ್ತಿದೆಯೋ ಅದು ಮಾತ್ರ ಬೆಳಗಲಿ. ನಡುವೆ ಬಂದವರಿಗೂ ಎಷ್ಟು ಮುಗಿದಿದೆ, ಇನ್ನೆಷ್ಟು ಇದೆ ಅಂತ ಗೊತ್ತಾಗುತ್ತದೆ. ಎಣಿಕೆಯ ಅಂಕಿಯೂ ಬೇಕಾಗುವುದಿಲ್ಲ.

ಶೂಟ್ ಮಾಡುವಾಗ ಕ್ಯಾಮೆರಾ ತೊಳೆಯುವವರ ಭುಜದ ಮೇಲಿಂದ ನೋಡಲಿ. ನೋಡುವವರಿಗೆ ಅದು ತಮ್ಮದೇ ಕೈ ಅನಿಸಬೇಕು. ಎದುರಿನಿಂದ ತೆಗೆದರೆ ಎಡ ಬಲ ತಿರುಗಿ ಗೊಂದಲ ಆಗುತ್ತದೆ. ಬಿಳಿ ಬೇಸಿನ್‌ನಲ್ಲಿ ಬಿಳಿ ನೊರೆ ಕಾಣೋದೇ ಇಲ್ಲ. ಕೆಳಗೆ ಕಡು ನೀಲಿ ಅಥವಾ ಹಸಿರು ಪ್ಲಾಸ್ಟಿಕ್ ಟಬ್ ಇಡಿ. ಸೋಪು ಕಡಿಮೆ ಹಚ್ಚಿ, ಇಲ್ಲದಿದ್ದರೆ ನೊರೆಯಲ್ಲಿ ಬೆರಳುಗಳೇ ಮುಚ್ಚಿಹೋಗುತ್ತವೆ.

ಟ್ಯೂಬ್‌ಲೈಟ್ ಕೆಳಗೆ ಫೋನಿನಲ್ಲಿ ತೆಗೆದರೆ ಕಪ್ಪು ಪಟ್ಟಿಗಳು ಓಡುತ್ತವೆ, ಅದನ್ನೂ ನೋಡಿಕೊಳ್ಳಿ. ನಮ್ಮ ಕರೆಂಟ್ 50 ಹರ್ಟ್ಸ್. ಫೋನಿನ ಪ್ರೊ ಮೋಡ್‌ನಲ್ಲಿ ಶಟರ್ 1/50 ಅಥವಾ 1/100 ಇಟ್ಟರೆ ಪಟ್ಟಿ ಹೋಗುತ್ತದೆ. ಹಗಲು ಕಿಟಕಿ ಬೆಳಕಿನಲ್ಲಿ ತೆಗೆದರೆ ಈ ತೊಂದರೆಯೇ ಇಲ್ಲ.

ಮೇಘಾ ತಿಪಟೂರು
ಲೋಗೋ ಮೂಲೆಯಲ್ಲಿ ಸಣ್ಣದಾಗಿ ಇಟ್ಟರೆ ಡಾಕ್ಟರ್ ಒಪ್ಪುತ್ತಾರೆ ಅಂದುಕೊಂಡಿದ್ದೇನೆ. ಶಾರದಕ್ಕ ಹೇಳಿದ ಹೆಬ್ಬೆರಳ ವಿಷಯವನ್ನು ಮಾತಿಲ್ಲದೆ ತೋರಿಸೋದು ಹೇಗೆ? ತರಬೇತಿಯಲ್ಲಿ ಕೈಗೆ ಬಿಳಿ ಗ್ಲೌಸ್ ಹಾಕಿ, ಕಣ್ಣು ಮುಚ್ಚಿಸಿ, ನೀಲಿ ಬಣ್ಣವನ್ನು ಸೋಪಿನ ಹಾಗೆ ಉಜ್ಜಿಸುತ್ತಾರಲ್ಲ, ಬಣ್ಣ ಹತ್ತದ ಜಾಗವೇ ಬಿಟ್ಟುಹೋದ ಜಾಗ. ಅದನ್ನೇ ಶೂಟ್ ಮಾಡಿದರೆ ಆಗುತ್ತಾ?

ಶಾರದಾ (ನಿವೃತ್ತ ನರ್ಸ್)
ತರಬೇತಿಗೆ ಅದು ಬಹಳ ಒಳ್ಳೆಯದು, ಯಾಕಂದರೆ ಪಕ್ಕದಲ್ಲಿ ನಿಂತು ಹೇಳುವವರು ಇರುತ್ತಾರೆ. ಮಾತಿಲ್ಲದೆ ತೋರಿಸಿದರೆ ಅರ್ಥ ಉಲ್ಟಾ ಆಗುತ್ತದೆ. ನೋಡುವವರಿಗೆ ನೀಲಿ ಅಂದರೆ ಕೊಳೆ, ಬಿಳಿ ಅಂದರೆ ಶುಭ್ರ. ಹೆಬ್ಬೆರಳು ಬೆಳ್ಳಗೆ ಉಳಿದದ್ದನ್ನು ನೋಡಿ ಅದೊಂದೇ ಚೆನ್ನಾಗಿದೆ ಅಂದುಕೊಳ್ಳುತ್ತಾರೆ.

ತಿರುಗಿಸಿ ಮಾಡಿ. ಮೊದಲು ಎರಡೂ ಕೈಗೆ ಪೂರ್ತಿ ಬಣ್ಣ. ಆಮೇಲೆ ನಾವೆಲ್ಲ ಅವಸರದಲ್ಲಿ ತೊಳೆಯುವ ಹಾಗೆ ಎರಡು ಸಲ ಉಜ್ಜಿ ನೀರು ಬಿಡುವುದು. ಆಮೇಲೆ ಕೈ ಹತ್ತಿರದಿಂದ. ಹೆಬ್ಬೆರಳ ಬುಡ, ಉಗುರ ಸುತ್ತ ಬಣ್ಣ ಉಳಿದಿರುತ್ತದೆ. ಅಲ್ಲಿಗೊಂದು ಸುತ್ತು ಗುರುತು ಹಾಕಿ. ಓದು ಬಾರದವರಿಗೂ ಅರ್ಥ ಆಗುತ್ತದೆ. ಬಣ್ಣಕ್ಕೆ ಅರಿಶಿನ ಬೇಡ, ಚೆನ್ನಾಗಿ ತೊಳೆದರೂ ಕಲೆ ಉಳಿಯುತ್ತದೆ, ಆಗ ಸೋಪಿಗೇ ಕೆಟ್ಟ ಹೆಸರು. ಮಕ್ಕಳ ಪೋಸ್ಟರ್ ಬಣ್ಣವನ್ನು ಸ್ವಲ್ಪ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ನೋಡಿ. ಬರೀ ನೀರಿಗೆ ಹೋಗಬಾರದು, ಸೋಪಿಗೆ ಹೋಗಬೇಕು. ಶೂಟಿಂಗ್ ಹಿಂದಿನ ದಿನವೇ ಒಂದು ಸಲ ಪರೀಕ್ಷೆ ಮಾಡಿಕೊಳ್ಳಿ.

ಸುನೀಲ್ ಬಳ್ಳಾರಿ
ನಮ್ಮ ಅಂಗಡಿಯಲ್ಲೂ ಇಂಥದ್ದೇ ಸಮಸ್ಯೆ. ಗೋಡೆಗೆ ಹಾಕಿದ ಸ್ಯಾನಿಟೈಸರ್ ಡಬ್ಬಿ ಕೈ ಒಡ್ಡಿದರೂ ಬೀಳುವುದಿಲ್ಲ, ಬ್ಯಾಟರಿ ಬದಲಾಯಿಸಿದರೂ ಅಷ್ಟೇ. ಯಾವ ಡಬ್ಬಿ ಒಳ್ಳೆಯದು ಹೇಳಿ. ಹೇಗಿದ್ದರೂ ಸ್ಯಾನಿಟೈಸರ್ ಇರುವಾಗ ಸೋಪಿನ ವಿಡಿಯೋ ಯಾಕೆ?

ಶಾರದಾ (ನಿವೃತ್ತ ನರ್ಸ್)
ಡಬ್ಬಿಯ ವಿಷಯ ನನಗೆ ಗೊತ್ತಿಲ್ಲ ಸುನೀಲ್, ಅದನ್ನು ಬೇರೆಯಾಗಿ ಕೇಳಿ. ಕೈಗೆ ಕಣ್ಣಿಗೆ ಕಾಣುವ ಕೊಳೆ, ಜಿಡ್ಡು ಇದ್ದಾಗ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ವಾಂತಿ ಭೇದಿ ತರುವ ನೊರೊವೈರಸ್‌ನಂಥ ಕೆಲವಕ್ಕೂ ಅದು ಅಷ್ಟಾಗಿ ನಾಟುವುದಿಲ್ಲ. ಹೊಲದಿಂದ ನೇರ ಬಂದವರಿಗೆ, ಶೌಚಾಲಯಕ್ಕೆ ಹೋಗಿ ಬಂದವರಿಗೆ ಸೋಪೇ ಬೇಕು.

ಕಿರಣ್ ಮಂಡ್ಯ
ಬಿಸಿ ನೀರಿನ ವಿಷಯ ಒಪ್ಪಿದೆ ಅಕ್ಕ. ಆದರೆ ರೋಗಾಣು ತೋರಿಸುವುದು ಬೇಕೇ ಬೇಕು ಅಲ್ವಾ? ಕಣ್ಣಿಗೆ ಕಾಣದ್ದಕ್ಕೆ ಜನ ಹೆದರುವುದಿಲ್ಲ. ಹಸಿರು ಬಣ್ಣದ, ಹಲ್ಲು ಕಿರಿಯುವ ಕಾರ್ಟೂನ್ ಕ್ರಿಮಿಗಳನ್ನು ಕೈ ಮೇಲೆ ಓಡಾಡಿಸಿ.

ವೀಣಾ ಕೋಲಾರ
ನಾನು ಸಾರ್ವಜನಿಕ ಆರೋಗ್ಯದಲ್ಲಿ ಕೆಲಸ ಮಾಡುತ್ತೇನೆ. ಇದರ ಬಗ್ಗೆ ನಮ್ಮ ಪಕ್ಕದ ಚಿತ್ತೂರು ಜಿಲ್ಲೆಯಲ್ಲೇ ಒಂದು ಪ್ರಯೋಗ ನಡೆದಿತ್ತು, ಹೆಸರು ಸೂಪರ್‌ಅಮ್ಮ, ಫಲಿತಾಂಶ 2014ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅವರು ರೋಗ, ಕ್ರಿಮಿ ಅಂತ ಹೆದರಿಸುವುದರ ಮೇಲೆ ನಿಲ್ಲಲಿಲ್ಲ. ಮಗನನ್ನು ಒಳ್ಳೆಯ ಅಭ್ಯಾಸದಲ್ಲಿ ಬೆಳೆಸುವ ತಾಯಿ, ಗಲೀಜು ಕೈಯಲ್ಲಿ ಲಡ್ಡು ಮಾಡುವವನನ್ನು ನೋಡಿದರೆ ಆಗುವ ಹೇಸಿಗೆ, ನಾಲ್ಕು ಜನರ ಎದುರಿನ ಮರ್ಯಾದೆ, ಇಂಥದ್ದರ ಮೇಲೆ ನಿಂತರು. ಆ ಹಳ್ಳಿಗಳಲ್ಲಿ ಸೋಪು ಹಾಕಿ ಕೈ ತೊಳೆಯುವವರು ಗಣನೀಯವಾಗಿ ಹೆಚ್ಚಿದರು, ಆರು ತಿಂಗಳ ಮೇಲೂ ಅದು ಉಳಿದಿತ್ತು.

ಹಸಿರು ಕಾರ್ಟೂನ್ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಹಳ್ಳಿಯಲ್ಲಿ ತೋರಿಸಿದಾಗ ವಯಸ್ಸಾದವರು ಅದನ್ನು ಹುಳ ಅಂದುಕೊಂಡರು. ಅಷ್ಟು ದೊಡ್ಡ ಹುಳ ನಮ್ಮ ಕೈಯಲ್ಲಿ ಇಲ್ಲವಲ್ಲ ಅಂತ ಒಬ್ಬರು ಕೈ ತಿರುಗಿಸಿ ನೋಡಿಕೊಂಡರು. ಆ ಬಣ್ಣದ ಪ್ರಯೋಗವೇ ಹೆಚ್ಚು ನಿಜ. ಆದರೆ ಒಂದು ಮಾತು, ಸೂಪರ್‌ಅಮ್ಮದವರು ಊರಲ್ಲಿ ಸಭೆ ಸೇರಿಸಿ, ನಾಟಕದ ಹಾಗೆ ಆಡಿ, ಎಲ್ಲರಿಂದ ಮಾತು ತೆಗೆದುಕೊಂಡಿದ್ದರು. ಗೋಡೆಯ ಟಿವಿಯಿಂದ ಅಷ್ಟೇ ಫಲ ಬರುತ್ತದೆ ಅಂತ ನಾನು ಹೇಳಲಾರೆ.

ಕಿರಣ್ ಮಂಡ್ಯ
ದೊಡ್ಡವರ ಮಾತು ಸರಿ. ಮಕ್ಕಳಿಗೆ ಕಾರ್ಟೂನ್ ಹಿಡಿಸುತ್ತದೆ ಅಂತ ನನಗೆ ಈಗಲೂ ಅನಿಸುತ್ತದೆ, ಮಕ್ಕಳ ಡಾಕ್ಟರ್ ಕ್ಲಿನಿಕ್ ಆದರೆ ನಾನು ಹಾಕುತ್ತೇನೆ.

ರಘು ಸಾಗರ
ಅಕ್ಷರದ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ತಂದೆಗೆ ಎರಡೂ ಕಣ್ಣಿಗೆ ಪೊರೆ. ಆಸ್ಪತ್ರೆಯಲ್ಲಿ ಕಾಯುವಾಗ ಟಿವಿಯಲ್ಲಿ ಓಡುವ ಅಕ್ಷರ ಅವರಿಗೆ ಬರೀ ಗೆರೆ. ಬಿಳಿ ಬೇಸಿನ್ ಮೇಲೆ ಬಿಳಿ ಅಕ್ಷರ, ಅದೂ ಸಣ್ಣದು, ಅದೂ ಎರಡು ಸಾಲು. ದಯವಿಟ್ಟು ದೊಡ್ಡದಾಗಿ ಹಾಕಿ ಮೇಡಂ. ಕೆಳಗೆ ಓಡುವ ಪಟ್ಟಿ ಬೇಡವೇ ಬೇಡ, ಅವರು ಒಂದು ಪದ ಹಿಡಿಯುವಷ್ಟರಲ್ಲಿ ಅದು ಹೋಗಿರುತ್ತದೆ.

ಪ್ರಸನ್ನ ಹುಬ್ಬಳ್ಳಿ
ರಘು ಅವರೇ, ಒಳ್ಳೆ ಮಾತು ಹೇಳಿದಿರಿ. ಲೆಕ್ಕ ಹಾಕೋಣ. 43 ಇಂಚಿನ ಟಿವಿಯಲ್ಲಿ ಚಿತ್ರದ ಎತ್ತರ ಸುಮಾರು 53 ಸೆಂಟಿಮೀಟರ್. ಅದರಲ್ಲಿ 1080 ಪಿಕ್ಸೆಲ್. ಅಂದರೆ ಒಂದು ಪಿಕ್ಸೆಲ್ ಹತ್ತಿರ ಹತ್ತಿರ ಅರ್ಧ ಮಿಲಿಮೀಟರ್. ದೂರದ 200ನೇ ಒಂದು ಭಾಗದಷ್ಟಾದರೂ ಅಕ್ಷರ ಎತ್ತರ ಇರಬೇಕು ಅಂತ ನಾವು ಇಟ್ಟುಕೊಳ್ಳುವ ಅಂದಾಜು. ಕೊನೆಯ ಬೆಂಚು 5 ಮೀಟರ್ ದೂರ ಇದ್ದರೆ 25 ಮಿಲಿಮೀಟರ್, ಅಂದರೆ 50 ಪಿಕ್ಸೆಲ್. ಇದು ಕಣ್ಣು ಚೆನ್ನಾಗಿರುವವರಿಗೆ. ಪೊರೆ ಇರುವವರಿಗೆ, ಕನ್ನಡಕ ಮರೆತು ಬಂದವರಿಗೆ ಇದರ ಎರಡರಷ್ಟು ಮಾಡಿ, 100 ಪಿಕ್ಸೆಲ್. ಇದು ಒತ್ತಕ್ಷರ ಬಿಟ್ಟು ಬರೀ ಅ, ಕ ಅಕ್ಷರದ ಎತ್ತರ, ಫಾಂಟ್ ಸೈಜ್ ಅಂತ ತೋರಿಸುವ ಅಂಕಿ ಅಲ್ಲ. ಪರದೆ ಮೇಲೆ ಸ್ಕೇಲ್ ಇಟ್ಟು ಅಳೆದುಬಿಡಿ.

ಇಷ್ಟು ದೊಡ್ಡದಾದರೆ ಒಂದು ಸಾಲಿಗೆ ಎರಡು ಮೂರು ಪದ ಮಾತ್ರ ಹಿಡಿಯುತ್ತದೆ. ಒಳ್ಳೆಯದೇ ಆಯಿತು. ಪರಸ್ಪರ, ಹಸ್ತಗಳನ್ನು, ಘರ್ಷಿಸಿ ಅಂತ ಸರ್ಕಾರಿ ಕನ್ನಡ ಬರೆಯಲು ಜಾಗವೇ ಇರುವುದಿಲ್ಲ. ಅಂಗೈ ಉಜ್ಜಿ. ಕೈ ಹಿಂಭಾಗ. ಬೆರಳ ಸಂದಿ. ಬೆರಳ ಬೆನ್ನು. ಹೆಬ್ಬೆರಳು. ಉಗುರು ತುದಿ. ಆರು ಆಯಿತು ನೋಡಿ. ಕಪ್ಪು ಪಟ್ಟಿ ಮೇಲೆ ಹಳದಿ ಅಥವಾ ಬಿಳಿ ಅಕ್ಷರ. ಪಟ್ಟಿ ಎತ್ತರವಾಗಿರಲಿ, ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಇಂಗ್ಲಿಷ್ ಲೆಕ್ಕದಲ್ಲಿ ಪಟ್ಟಿ ಹಾಕಿದರೆ ಬ್ಬ, ಜ್ಜಗಳ ಬಾಲ ಹೊರಗೆ ಬರುತ್ತದೆ. ಅಕ್ಷರವನ್ನು ಪರದೆಯ ಅಂಚಿಗೆ ತಾಗಿಸಬೇಡಿ. ಕೆಲವು ಟಿವಿಗಳು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚು ಕತ್ತರಿಸುತ್ತವೆ. ನಾಲ್ಕೂ ಕಡೆ 5 ಶೇಕಡಾ ಬಿಡಿ.

ಮೇಘಾ ತಿಪಟೂರು
ಅಕ್ಷರವನ್ನು ಬೇರೆ ಎಸ್‌ಆರ್‌ಟಿ ಫೈಲ್ ಮಾಡಿ ಪೆನ್‌ಡ್ರೈವ್‌ನಲ್ಲಿ ಹಾಕಿದರೆ ಟಿವಿ ತಾನೇ ತೋರಿಸುತ್ತದಲ್ಲ? ಬೇಕಾದಾಗ ಬದಲಾಯಿಸಬಹುದು ಅಂತ.

ಪ್ರಸನ್ನ ಹುಬ್ಬಳ್ಳಿ
ಬೇಡ. ಬಹಳ ಟಿವಿಗಳಿಗೆ ಕನ್ನಡ ಜೋಡಿಸಲು ಬರುವುದಿಲ್ಲ. ಒಂದೋ ಚೌಕ ಚೌಕ ಬರುತ್ತದೆ, ಇಲ್ಲವೇ ಹೆಬ್ಬೆರಳು ಅನ್ನುವುದು ಹೆಬ್‌ಬೆರಳು ಅಂತ ಒಡೆಯುತ್ತದೆ. ಅಕ್ಷರವನ್ನು ಚಿತ್ರದೊಳಗೇ ಅಚ್ಚು ಮಾಡಿಬಿಡಿ. ಕೆಲವು ಎಡಿಟಿಂಗ್ ಆ್ಯಪ್‌ಗಳಲ್ಲೂ ಒತ್ತಕ್ಷರ ಒಡೆಯುತ್ತದೆ. ಹಾಗಾದರೆ ಲಿಬ್ರೆಆಫೀಸ್ ಇಂಪ್ರೆಸ್ ಅಥವಾ ಇಂಕ್‌ಸ್ಕೇಪ್‌ನಲ್ಲಿ ನೋಟೋ ಸ್ಯಾನ್ಸ್ ಕನ್ನಡ ಇಲ್ಲವೇ ಬಲೂ ತಮ್ಮ ಫಾಂಟ್‌ನಲ್ಲಿ ಆರು ಪಟ್ಟಿ ಬರೆದು, ಚಿತ್ರವಾಗಿ ಉಳಿಸಿ, ವಿಡಿಯೋ ಮೇಲೆ ಇಡಿ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಬೇಡಿ, ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ.

ಇನ್ನೊಂದು, ಟಿವಿಯ ರಿಪೀಟ್ ಬಟನ್ ನಂಬಬೇಡಿ. ಪ್ರತಿ ಸುತ್ತಿನ ಕೊನೆಗೆ ಒಂದೆರಡು ಸೆಕೆಂಡ್ ಕಪ್ಪಾಗಿ ಫೈಲ್ ಹೆಸರು ಬರುತ್ತದೆ. ಶಬ್ದ ಇಲ್ಲದ ಕೋಣೆಯಲ್ಲಿ ಆ ಕಪ್ಪು ಮಿಂಚಿದಾಗಲೆಲ್ಲ ಎಲ್ಲರೂ ಅದನ್ನೇ ನೋಡುತ್ತಾರೆ. 90 ಸೆಕೆಂಡಿನ ವಿಡಿಯೋವನ್ನು 40 ಸಲ ಜೋಡಿಸಿ ಒಂದು ಗಂಟೆಯ ಫೈಲ್ ಮಾಡಿ. ಕಂಪ್ಯೂಟರಿನಲ್ಲಿ `ffmpeg` ಇದ್ದರೆ ಒಂದೇ ಸಾಲು:

```
ffmpeg -stream_loop 39 -i kai.mp4 -an -c copy kai_gante.mp4
```

39 ಅಂದರೆ ಮೊದಲನೆಯದರ ಮೇಲೆ ಇನ್ನೂ 39 ಸಲ. `-an` ಶಬ್ದದ ಟ್ರ್ಯಾಕನ್ನೇ ತೆಗೆಯುತ್ತದೆ, ಯಾರಾದರೂ ರಿಮೋಟ್ ಒತ್ತಿದರೂ ಏನೂ ಕೇಳಿಸುವುದಿಲ್ಲ. ಪೆನ್‌ಡ್ರೈವ್ ಎಫ್‌ಎಟಿ32 ಆಗಿದ್ದರೆ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ವಿಡಿಯೋ ಸೆಕೆಂಡಿಗೆ 4 ಮೆಗಾಬಿಟ್ ಇದ್ದರೆ ಒಂದು ಗಂಟೆಗೆ 1.8 ಜಿಬಿ, ಆರಾಮಾಗಿ ಹಿಡಿಯುತ್ತದೆ.

ಮೇಘಾ ತಿಪಟೂರು
ನೀವೆಲ್ಲ ಹೇಳಿದ್ದನ್ನು ಸೇರಿಸಿ ಬರೆದುಕೊಂಡೆ, ನೋಡಿ. ಬಣ್ಣದ ಕೈ, ಅವಸರದ ತೊಳೆತ, ಉಳಿದ ಕಲೆಗೆ ಸುತ್ತು ಗುರುತು, 15 ಸೆಕೆಂಡ್. ಕೈ ಒದ್ದೆ, ಸೋಪು, 8. ಆರು ಉಜ್ಜು, ಒಂದೊಂದಕ್ಕೆ 5, ಒಟ್ಟು 30. ನೀರು ಬಿಟ್ಟು ತೊಳೆದು ಒರೆಸುವುದು 15. ಅದೇ ಕೈ ಈಗ ಎಲ್ಲೂ ಬಣ್ಣ ಇಲ್ಲ, 7. ಯಾವಾಗ ತೊಳೆಯಬೇಕು: ಶೌಚಾಲಯದ ಬಾಗಿಲು, ಊಟದ ತಟ್ಟೆ, ಮಗುವಿಗೆ ತುತ್ತು, ಮೂರು ಚಿತ್ರ, 15. ಒಟ್ಟು 90.

ಶಾರದಾ (ನಿವೃತ್ತ ನರ್ಸ್)
ಚೆನ್ನಾಗಿದೆ. ತೊಳೆಯುವ ಭಾಗ 53 ಸೆಕೆಂಡ್ ಆಯಿತು, ಅದನ್ನು ವೇಗ ಮಾಡಬೇಡಿ, ನಿಜವಾದ ಹೊತ್ತಿನಲ್ಲೇ ಓಡಲಿ. ನೋಡುತ್ತಾ ಕೂತವರ ಕೈ ತಾನಾಗಿ ಜೊತೆಗೆ ಆಡುತ್ತದೆ, ಎಷ್ಟು ಹೊತ್ತು ಅನ್ನುವುದು ಹಾಗೆ ಕಲಿಯುತ್ತಾರೆ. ಹೆಬ್ಬೆರಳಿಗೆ ಮಾತ್ರ 5 ಸೆಕೆಂಡಿನಲ್ಲಿ ಎರಡೂ ಕೈ ತೋರಿಸಲು ಅವಸರ ಆಗುತ್ತದೆ, ಅದಕ್ಕೆ 7 ಕೊಡಿ, ಅಂಗೈಯಿಂದ 2 ಕಡಿಮೆ ಮಾಡಿ. ಉಜ್ಜುವಾಗ ನಲ್ಲಿ ನಿಲ್ಲಿಸಿರುವುದು ಕಾಣಬೇಕು. ಒರೆಸಲು ಸೀರೆ ಸೆರಗು, ಎಲ್ಲರೂ ಬಳಸುವ ಟವಲ್ ಬೇಡ, ಒಗೆದ ಸ್ವಂತ ಬಟ್ಟೆ ತೋರಿಸಿ.

ವೀಣಾ ಕೋಲಾರ
ನಲ್ಲಿಯನ್ನು ಕಾಗದದ ಟವಲ್ ಹಿಡಿದು ನಿಲ್ಲಿಸುವುದು ಆಸ್ಪತ್ರೆ ಪೋಸ್ಟರಿನಲ್ಲಿ ಇರುತ್ತದೆ. ನಿಮ್ಮ ಕ್ಲಿನಿಕ್‌ಗೆ ಬರುವವರ ಮನೆಯಲ್ಲಿ ಅದು ಇಲ್ಲ. ಬಹಳ ಮನೆಗಳಲ್ಲಿ ಬಕೆಟ್ಟು, ಚೊಂಬು. ಕೊಳೆ ಕೈಯಲ್ಲಿ ಚೊಂಬು ಹಿಡಿದು, ತೊಳೆದ ಮೇಲೆ ಅದೇ ಚೊಂಬು ಮುಟ್ಟುವುದು ತೊಂದರೆ. ಇನ್ನೊಬ್ಬರು ನೀರು ಹಾಕುವ ಹಾಗೆ ತೋರಿಸಿ, ಅತ್ತೆ ಕೈಗೆ ಸೊಸೆ ನೀರು ಹಾಕುವುದು ನಾವು ನೋಡಿದ್ದೇ ತಾನೆ. ಇಲ್ಲವೇ ಚೊಂಬಿನ ಹಿಡಿಗೂ ಸೋಪು ನೀರು ಸೋಕಿಸಿ ತೊಳೆಯುವುದು. ಸುಮನ್-ಕೆ ಅಂತ ಕೈ ತೊಳೆಯುವ ಹಂತಗಳ ಮೊದಲಕ್ಷರ ಸೇರಿಸಿ ಹಿಂದಿಯಲ್ಲಿ ಮಾಡಿದ ಒಂದು ಸೂತ್ರ ಇದೆ, ಅದನ್ನು ಕನ್ನಡ ಅಕ್ಷರದಲ್ಲಿ ಬರೆದು ಹಾಕುವವರನ್ನು ನೋಡಿದ್ದೇನೆ, ಸೀಧಾ ಉಲ್ಟಾ ಮುಠ್ಠಿ ಗೊತ್ತಿಲ್ಲದವರಿಗೆ ಅದರಿಂದ ಏನೂ ಸಿಗುವುದಿಲ್ಲ. ಅದರಲ್ಲಿರುವ ಕಲಾಯಿ, ಅಂದರೆ ಮಣಿಕಟ್ಟು, ನಿಮ್ಮ ಆರರಲ್ಲಿ ಇಲ್ಲ. ಬಳೆ ಹಾಕುವವರಿಗೆ ಅದೂ ಮುಖ್ಯ, ನೀರು ಬಿಡುವ ಹಂತದಲ್ಲಿ ಸೇರಿಸಿ.

ರಘು ಸಾಗರ
ಕರೆಂಟ್ ಹೋಗಿ ಬಂದಾಗ ಏನಾಗುತ್ತದೆ? ನಮ್ಮ ಕಡೆ ದಿನಕ್ಕೆ ಮೂರು ಸಲ ಹೋಗುತ್ತದೆ.

ಪ್ರಸನ್ನ ಹುಬ್ಬಳ್ಳಿ
ಹೆಚ್ಚಿನ ಟಿವಿಗಳು ಮತ್ತೆ ತಾವಾಗಿ ಓಡಿಸುವುದಿಲ್ಲ, ಮೊದಲ ಪುಟಕ್ಕೆ ಬಂದು ನಿಲ್ಲುತ್ತವೆ. ಯುಪಿಎಸ್ ಮೇಲೆ ಹಾಕಬಹುದು, ಇಲ್ಲವೇ ಆನ್ ಆದ ಕೂಡಲೇ ಫೈಲ್ ಓಡಿಸುವ ಸಣ್ಣ ಮೀಡಿಯಾ ಪ್ಲೇಯರ್ ಬೇಕು. ಖರ್ಚು ಬೇಡ ಅಂದರೆ ರಿಮೋಟ್ ಮೇಘಾ ಮೇಡಂ ಹತ್ತಿರವೇ ಇರಲಿ. ಫೈಲ್ ಹೆಸರಿನ ಮೊದಲು 01 ಅಂತ ಹಾಕಿ, ಪಟ್ಟಿಯಲ್ಲಿ ಮೇಲೇ ಸಿಗುತ್ತದೆ.

ಮೇಘಾ ತಿಪಟೂರು
ಟಿವಿ ಯುಪಿಎಸ್ ಮೇಲೆಯೇ ಇದೆ, ಅದು ಬಚಾವ್. ಚೊಂಬಿನ ದೃಶ್ಯಕ್ಕೆ ನಮ್ಮ ಆಯಾ ಅಮ್ಮ ಒಪ್ಪಿದ್ದಾರೆ. ಒಂದು ಉಳಿಯಿತು. ನಮ್ಮಲ್ಲಿ ಉರ್ದು ಮಾತ್ರ ಓದುವವರೂ ಬರುತ್ತಾರೆ. ಎರಡೂ ಭಾಷೆ ಒಟ್ಟಿಗೆ ಹಾಕಿದರೆ 100 ಪಿಕ್ಸೆಲ್ ಲೆಕ್ಕದಲ್ಲಿ ಕೈಯೇ ಮುಚ್ಚಿಹೋಗುತ್ತದೆ.

ಪ್ರಸನ್ನ ಹುಬ್ಬಳ್ಳಿ
ಒಂದು ಸುತ್ತು ಕನ್ನಡ, ಒಂದು ಸುತ್ತು ಉರ್ದು ಮಾಡಿ. ಎರಡನ್ನೂ ಜೋಡಿಸಿ 3 ನಿಮಿಷದ ಒಂದು ಫೈಲ್.

ವೀಣಾ ಕೋಲಾರ
ಆಗ ಕನ್ನಡ ಓದುವವರು ಉರ್ದು ಸುತ್ತಿನಲ್ಲಿ ಬಂದರೆ ಒಂದೂವರೆ ನಿಮಿಷ ಕಾಯಬೇಕು, ಅಷ್ಟರಲ್ಲಿ ಮುಖ ತಿರುಗಿಸಿರುತ್ತಾರೆ. ನನ್ನ ಮಟ್ಟಿಗೆ ಅಕ್ಷರವೇ ಇಲ್ಲದೆ ಮೊದಲು ಓಡಿಸಿ ನೋಡಿ. ಓದಲು ಬಾರದ ನಾಲ್ಕೈದು ಜನರಿಗೆ ತೋರಿಸಿ, ಏನು ಅರ್ಥ ಆಯಿತು ಅಂತ ಕೇಳಬೇಡಿ, ಹಾಗೆ ಕೇಳಿದರೆ ಎಲ್ಲರೂ ಆಯಿತು ಅಂತಾರೆ. ಬೇಸಿನ್ ಹತ್ತಿರ ಕರೆದುಕೊಂಡು ಹೋಗಿ ತೊಳೆದು ತೋರಿಸಿ ಅನ್ನಿ. ಹೆಬ್ಬೆರಳು ಉಜ್ಜಿದರೆ ಚಿತ್ರ ಕೆಲಸ ಮಾಡಿದೆ. ಆಮೇಲೆ ಎಲ್ಲಿ ಅಕ್ಷರ ಬೇಕೋ ಅಲ್ಲಿ ಮಾತ್ರ ಹಾಕಿ.

ಪ್ರಸನ್ನ ಹುಬ್ಬಳ್ಳಿ
ಪರೀಕ್ಷೆ ಮಾಡುವುದು ಒಪ್ಪುತ್ತೇನೆ, ಅಕ್ಷರ ಪೂರ್ತಿ ತೆಗೆಯುವುದು ಒಪ್ಪಲಾರೆ. ಓದು ಬರುವ ಮಗಳು ಪಕ್ಕದಲ್ಲಿ ಕೂತು ಅಮ್ಮನಿಗೆ ಓದಿ ಹೇಳುತ್ತಾಳೆ, ಅದನ್ನು ಬಹಳ ಸಲ ನೋಡಿದ್ದೇನೆ.

ಮೇಘಾ ತಿಪಟೂರು
ಈ ಭಾನುವಾರ ಶೂಟ್. ಅಕ್ಷರ ಇಲ್ಲದ್ದು ಒಂದು, ಇರುವುದು ಒಂದು, ಎರಡೂ ಮಾಡಿ ಒಂದೊಂದು ವಾರ ಓಡಿಸುತ್ತೇನೆ. ವೀಣಾ ಮೇಡಂ ಹೇಳಿದ ಹಾಗೆ ಬೇಸಿನ್ ಹತ್ತಿರ ನಿಂತು ನೋಡಿ ಇಲ್ಲೇ ಬರೆಯುತ್ತೇನೆ. ಶಾರದಕ್ಕ, ಪೋಸ್ಟರ್ ಬಣ್ಣಕ್ಕೆ ಎಣ್ಣೆ ಎಷ್ಟು ಹಾಕಬೇಕು, ಚಮಚದ ಲೆಕ್ಕ ಹೇಳ್ತೀರಾ?

ಶಾರದಾ (ನಿವೃತ್ತ ನರ್ಸ್)
ಅಳತೆ ಇಟ್ಟುಕೊಂಡಿಲ್ಲಮ್ಮ. ಸ್ವಲ್ಪ ಸ್ವಲ್ಪ ಹಾಕಿ ಕಲಸುತ್ತಾ, ಒಂದು ಬೆರಳಿಗೆ ಹಚ್ಚಿ ನಲ್ಲಿ ಕೆಳಗೆ ಹಿಡಿ. ಬರೀ ನೀರಿಗೆ ಇಳಿದುಹೋದರೆ ಇನ್ನೂ ಎಣ್ಣೆ ಬೇಕು. ಪುಡಿ ಬಣ್ಣ ಸಿಕ್ಕಿದರೆ ಇನ್ನೂ ಸುಲಭ, ಟ್ಯೂಬಿನ ಬಣ್ಣದಲ್ಲಿ ಮೊದಲೇ ನೀರು ಇರುವುದರಿಂದ ಎಣ್ಣೆ ಬೇರೆಯಾಗಿ ತೇಲುತ್ತದೆ.